ಒಂದೇ ಬಿಲ್ ಎರಡು ಸಲ ಎಂಟ್ರಿ: ನಂಬರ್ ಚೆಕ್ ಇದ್ದರೂ ಹೇಗೆ ನುಸುಳುತ್ತೆ?

ಪ್ರಶ್ನೆ: ಸರ್, ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮೆಷಿನ್ ಶಾಪ್. ಲೆಕ್ಕಕ್ಕೆ ಇಆರ್‌ಪಿನೆಕ್ಸ್ಟ್ ಸಾಫ್ಟ್‌ವೇರ್ ಬಳಸುತ್ತೇವೆ. ಸಪ್ಲೈಯರ್ ಬಿಲ್ ನಂಬರ್ ರಿಪೀಟ್ ಆಗಬಾರದು ಅನ್ನೋ ಟಿಕ್ ಹಾಕಿದ್ದೇವೆ. ಆದ್ರೂ ಏಪ್ರಿಲ್‌ನ ಒಂದು ಬಿಲ್ ಎರಡು ಸಲ ಎಂಟ್ರಿ ಆಗಿ, ದುಡ್ಡೂ ಎರಡು ಸಲ ಹೋಯ್ತು. ಒಂದು ಸಲ ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್ ಅಪ್‌ಲೋಡ್ ಮಾಡಿದ್ದು, ಇನ್ನೊಂದು ಸಲ ಸ್ಟೋರ್ಸ್ ಹುಡುಗ ಟೈಪ್ ಮಾಡಿದ್ದು. ಎರಡರ ಸ್ಕ್ರೀನ್‌ಶಾಟ್ ಕಳಿಸಿದ್ದೇನೆ. ಎಂಟ್ರಿ ಹೊತ್ತಲ್ಲೇ ಇದನ್ನ ಹಿಡಿಯೋದು ಹೇಗೆ?

ಉತ್ತರ: ನಿಮ್ಮ ಟಿಕ್ ಕೆಲಸ ಮಾಡ್ತಾ ಇದೆ. ಆದರೆ ಅದು ನೋಡೋದು ತುಂಬಾ ಕಡಿಮೆ. ಸ್ಕ್ರೀನ್‌ಶಾಟ್ ಪಕ್ಕಪಕ್ಕ ಇಟ್ಟು ನೋಡಿದೆ. ಒಂದೇ ಕಾಗದದಿಂದ ಬಂದ ಎರಡು ಎಂಟ್ರಿ, ಆದರೆ ಕಂಪ್ಯೂಟರ್ ಕಣ್ಣಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ.

ಅಪ್‌ಲೋಡ್ ಆದದ್ದರಲ್ಲಿ ನಂಬರ್ `SV/25-26/0017`, ತಾರೀಕು 4 ಮಾರ್ಚ್ 2025, ಮೊತ್ತ 99,135. ಟೈಪ್ ಮಾಡಿದ್ದರಲ್ಲಿ ನಂಬರ್ `SV-17`, ತಾರೀಕು 3 ಏಪ್ರಿಲ್ 2025, ಮೊತ್ತ 99,135.34. ಸಪ್ಲೈಯರ್ ಹೆಸರೂ ಬೇರೆ: ಒಂದರಲ್ಲಿ ಪೂರ್ತಿ ಹೆಸರು, ಇನ್ನೊಂದರಲ್ಲಿ ಅದೇ ಹೆಸರಿನ ಮುಂದೆ "ಪೀಣ್ಯ" ಅಂತ ಸೇರಿಸಿದ ಎರಡನೇ ಮಾಸ್ಟರ್. ಅಂದರೆ ನಂಬರ್, ತಾರೀಕು, ಮೊತ್ತ, ಪಾರ್ಟಿ, ನಾಲ್ಕೂ ಹೊಂದಲಿಲ್ಲ.

ಇಲ್ಲಿ ಯಾರೂ ಬೇಕಂತ ತಪ್ಪು ಮಾಡಿಲ್ಲ. ಒಂದೊಂದಾಗಿ ನೋಡೋಣ.

ಮೊದಲು ತಾರೀಕು. ಬಿಲ್ ಮೇಲೆ 03/04/2025 ಅಂತ ಇದೆ. ನಾವು ಓದೋದು ಏಪ್ರಿಲ್ ಮೂರು. ಪಿಡಿಎಫ್ ಓದುವ ಸಾಫ್ಟ್‌ವೇರ್ ತಿಂಗಳನ್ನ ಮೊದಲು ಇಟ್ಟುಕೊಂಡು ಮಾರ್ಚ್ ನಾಲ್ಕು ಅಂತ ಓದಿಬಿಟ್ಟಿದೆ. ಬೇರೆ ತಿಂಗಳಲ್ಲಾಗಿದ್ದರೆ ಇದರಿಂದ ಅಷ್ಟು ನಷ್ಟ ಇರ್ತಿರಲಿಲ್ಲ. ಇಲ್ಲಿ ಹಣಕಾಸು ವರ್ಷವೇ ಬದಲಾಗಿ ಹೋಯ್ತು. ತಮಾಷೆ ಅಂದರೆ ಬಿಲ್ ನಂಬರ್ ಒಳಗೇ 25-26 ಅಂತ ಬರೆದಿದೆ, ತಾರೀಕು ಮಾತ್ರ 24-25ರ ಮಾರ್ಚ್‌ನಲ್ಲಿ ಕೂತಿದೆ. ಇವೆರಡೂ ಜಗಳ ಆಡ್ತಿವೆ ಅನ್ನೋದನ್ನ ಹಿಡಿಯೋಕೆ ಒಂದೇ ಸಾಲಿನ ಚೆಕ್ ಸಾಕು, ಡೂಪ್ಲಿಕೇಟ್ ಹುಡುಕೋ ಮಾತು ಆಮೇಲೆ.

ಎರಡನೆಯದು ನಂಬರ್. `Check Supplier Invoice Number Uniqueness` ಅನ್ನೋ ನಿಮ್ಮ ಟಿಕ್, ಅದೇ ಸಪ್ಲೈಯರ್ ಹೆಸರಲ್ಲಿ ಅದೇ ಹಣಕಾಸು ವರ್ಷದಲ್ಲಿ ಅದೇ ನಂಬರ್ ಅಕ್ಷರಕ್ಕೆ ಅಕ್ಷರ ಇದೆಯಾ ಅಂತ ನೋಡುತ್ತೆ, ಅಷ್ಟೇ. `SV-17` ಅನ್ನೋದು ಅದಕ್ಕೆ ಬೇರೆ ಬಿಲ್. ಇನ್ನೊಂದು ಸೂಕ್ಷ್ಮ ಇದೆ, ಜಾಸ್ತಿ ಜನ ಗಮನಿಸೋದಿಲ್ಲ: ಅದು ವರ್ಷ ಲೆಕ್ಕ ಹಾಕೋದು ಪೋಸ್ಟಿಂಗ್ ತಾರೀಕಿನ ಮೇಲೆ, ಬಿಲ್ ತಾರೀಕಿನ ಮೇಲೆ ಅಲ್ಲ. ಮಾರ್ಚ್ 28ರ ಬಿಲ್ಲನ್ನ ಒಬ್ಬರು ಮಾರ್ಚ್ 30ಕ್ಕೆ ಹಾಕಿ, ಇನ್ನೊಬ್ಬರು ಏಪ್ರಿಲ್ 5ಕ್ಕೆ ಹಾಕಿದರೆ ಅಕ್ಷರಕ್ಕೆ ಅಕ್ಷರ ನಂಬರ್ ಒಂದೇ ಇದ್ದರೂ ದಾಟಿ ಹೋಗುತ್ತೆ. ವರ್ಷದ ಕೊನೆಯಲ್ಲೇ ಗಡಿಬಿಡಿ ಜಾಸ್ತಿ, ತೂತೂ ಅಲ್ಲೇ ಇದೆ.

ಮೂರನೆಯದು ಮೊತ್ತ. ತೆರಿಗೆ ಮುಂಚೆ 84,013. ಶೇ. 18 ಜಿಎಸ್‌ಟಿ 15,122.34. ಒಟ್ಟು 99,135.34. ಬಿಲ್ಲಿನ ಕೊನೆಯ ಸಾಲಲ್ಲಿ ರೌಂಡ್ ಆಫ್ ಮಾಡಿ 99,135 ಅಂತ ಇದೆ. ಪಿಡಿಎಫ್ ಓದಿದ್ದು ಕೊನೆಯ ಸಾಲನ್ನ. ನಿಮ್ಮ ಹುಡುಗ ಐಟಂ ಟೈಪ್ ಮಾಡಿದ, ರೌಂಡ್ ಆಫ್ ಹಾಕಲಿಲ್ಲ. 34 ಪೈಸೆ ವ್ಯತ್ಯಾಸ.

ಇನ್ನು ಟೈಪ್ ಮಾಡಿದ ಕಾಗದ ಯಾವುದು ಅಂತ ನೋಡಿ. ಮೂಲೆಯಲ್ಲಿ `DUPLICATE FOR TRANSPORTER` ಅಂತ ಪ್ರಿಂಟ್ ಇದೆ. ಸರಕಿನ ಬಿಲ್ಲನ್ನ ಮೂರು ಪ್ರತಿ ಮಾಡಬೇಕು ಅನ್ನೋದು ಜಿಎಸ್‌ಟಿ ನಿಯಮ: ಕೊಳ್ಳುವವರಿಗೆ ಒರಿಜಿನಲ್, ಸಾಗಣೆಯವರಿಗೆ ಡೂಪ್ಲಿಕೇಟ್, ಮಾರುವವರಿಗೆ ಟ್ರಿಪ್ಲಿಕೇಟ್. ಗಾಡಿ ಡ್ರೈವರ್ ತನ್ನ ಕೈಲಿದ್ದ ಪ್ರತಿ ಸ್ಟೋರ್ಸ್‌ಗೆ ಕೊಟ್ಟ, ಒರಿಜಿನಲ್ ಪಿಡಿಎಫ್ ಅಕೌಂಟ್ಸ್ ವಾಟ್ಸಾಪ್‌ಗೆ ಬಂತು. ಎರಡು ದಾರಿ, ಎರಡು ಟೇಬಲ್. ನೀವು ಸಾಫ್ಟ್‌ವೇರ್ ಮುಟ್ಟೋ ಮುಂಚೆ ಒಂದು ತೀರ್ಮಾನ ಮಾಡಿ: ಬಿಲ್ ಎಂಟ್ರಿ ಒಂದೇ ಟೇಬಲ್‌ನಲ್ಲಿ. ಸ್ಟೋರ್ಸ್ ಮಾಡೋದು ಮಾಲು ಬಂದದ್ದರ ರಸೀದಿ ಮಾತ್ರ, ಅಂದರೆ ಪರ್ಚೇಸ್ ರಿಸೀಟ್. ಆ ರಸೀದಿಯಿಂದಲೇ ಬಿಲ್ ಎಂಟ್ರಿ ಎಳೆದುಕೊಂಡರೆ, ಒಮ್ಮೆ ಪೂರ್ತಿ ಬಿಲ್ ಆದ ರಸೀದಿಗೆ ಮತ್ತೆ ಬಿಲ್ ಮಾಡೋಕೆ ಹೋದಾಗ ಇಆರ್‌ಪಿನೆಕ್ಸ್ಟ್ ತಾನೇ ತಡೆಯುತ್ತೆ. ಬೈಯಿಂಗ್ ಸೆಟ್ಟಿಂಗ್ಸ್‌ನಲ್ಲಿ ರಸೀದಿ ಇಲ್ಲದೆ ಬಿಲ್ ಆಗಬಾರದು ಅನ್ನೋ ಆಯ್ಕೆ ಇದೆ. ಮಾಲಿನ ಬಿಲ್‌ಗೆ ಇದಕ್ಕಿಂತ ಗಟ್ಟಿ ಬೇಲಿ ಇಲ್ಲ. ಆದರೆ ರಿಪೇರಿ, ಲಾರಿ ಬಾಡಿಗೆ, ಎಎಂಸಿ ಇಂಥವಕ್ಕೆ ರಸೀದಿ ಇರೋದಿಲ್ಲ. ಅಲ್ಲಿ ನಂಬರ್ ಹೋಲಿಸೋದೇ ಗತಿ.

ಆ ಹೋಲಿಕೆಯನ್ನ ಎರಡು ಹಂತದಲ್ಲಿ ಮಾಡಿ. ಜನ ಎಡವೋದು ಇಲ್ಲೇ. ಒಂದೇ ನಿಯಮ ಬರೆದು ಅದನ್ನೇ ಬಿಗಿ ಮಾಡ್ತಾ ಹೋಗ್ತಾರೆ. ಬಿಗಿ ಮಾಡಿದಷ್ಟೂ ಸರಿಯಾದ ಬಿಲ್‌ಗಳು ಸಿಕ್ಕಿಹಾಕಿಕೊಳ್ತವೆ.

ಮೊದಲ ಹಂತ, ಖಂಡಿತ ತಡೆಯಬೇಕಾದದ್ದು. ಸಪ್ಲೈಯರ್‌ನ ಜಿಎಸ್‌ಟಿಐಎನ್, ಬಿಲ್ ತಾರೀಕಿನ ಹಣಕಾಸು ವರ್ಷ, ದಾಖಲೆಯ ಬಗೆ (ಬಿಲ್ಲೋ ಕ್ರೆಡಿಟ್ ನೋಟೋ), ಬಿಲ್ ನಂಬರ್. ಈ ನಾಲ್ಕೂ ಒಂದೇ ಆದರೆ ಎಂಟ್ರಿ ಮುಂದೆ ಹೋಗಬಾರದು. ಸಪ್ಲೈಯರ್ ಹೆಸರು ಬೇಡ, ಜಿಎಸ್‌ಟಿಐಎನ್ ಇಟ್ಟುಕೊಳ್ಳಿ. ಆಗ ಎರಡು ಮಾಸ್ಟರ್ ಇದ್ದರೂ ಪರವಾಗಿಲ್ಲ. ಒಂದು ವರ್ಷದಲ್ಲಿ ಒಂದು ನಂಬರ್ ಒಂದೇ ಸಲ ಬರಬೇಕು, 16 ಅಕ್ಷರ ಮೀರಬಾರದು, ಅಕ್ಷರ, ಅಂಕಿ, ಅಡ್ಡಗೆರೆ, ಓರೆಗೆರೆ ಬಿಟ್ಟು ಬೇರೆ ಇರಬಾರದು ಅಂತ ಜಿಎಸ್‌ಟಿ ನಿಯಮವೇ ಹೇಳುತ್ತೆ. ಹಾಗಾಗಿ ಈ ತಡೆಗೆ ಕಾನೂನಿನ ಬಲವೂ ಇದೆ. ಇಲ್ಲಿ ನಂಬರ್‌ಗೆ ಮಾಡೋ ಬದಲಾವಣೆ ತೀರಾ ಕಡಿಮೆ ಇರಲಿ: ಹಿಂದೆ ಮುಂದೆ ಇರುವ ಖಾಲಿ ಜಾಗ ತೆಗೆಯಿರಿ, ಎಲ್ಲಾ ಕ್ಯಾಪಿಟಲ್ ಮಾಡಿ. ಸಾಕು.

ಓರೆಗೆರೆ, ಅಡ್ಡಗೆರೆ ತೆಗೆದು ಹೋಲಿಸಿದರೆ ಆಯ್ತಲ್ವಾ ಅಂತ ಕೇಳ್ತಾರೆ. ತಡೆಯೋ ಹಂತದಲ್ಲಿ ಬೇಡ. `1/23` ಮತ್ತು `12/3` ಎರಡೂ ಬೇರೆ ಬಿಲ್. ಮೊದಲನೇ ಪುಸ್ತಕದ 23ನೇದು ಒಂದು, 12ನೇ ಪುಸ್ತಕದ ಮೂರನೇದು ಇನ್ನೊಂದು. ಗೆರೆ ತೆಗೆದರೆ ಎರಡೂ 123. ಕೈಬರಹದ ಬಿಲ್ ಪುಸ್ತಕ ಇಟ್ಟುಕೊಂಡಿರೋ ಸಣ್ಣ ಅಂಗಡಿಗಳಲ್ಲಿ ಇಂಥದ್ದು ದಿನಾ ಸಿಗುತ್ತೆ.

ಎರಡನೇ ಹಂತ, ಅನುಮಾನ ಪಡಬೇಕಾದದ್ದು. ಇಲ್ಲಿ ಧಾರಾಳವಾಗಿರಿ. ನಂಬರಿನಿಂದ ವರ್ಷದ ಭಾಗ ಕಿತ್ತುಹಾಕಿ, ಕೊನೆಯ ಅಂಕಿಗುಂಪು ತೆಗೆದುಕೊಂಡು, ಮುಂದಿನ ಸೊನ್ನೆ ಬಿಡಿ. ಪಿಡಿಎಫ್ ಓದುವಾಗ ಸೊನ್ನೆ ಇಂಗ್ಲಿಷ್ ಓ ಆಗೋದುಂಟು, ಅದಕ್ಕೂ ಒಂದು ಸಾಲು:

```python
import re

def loose_key(no):
    s = no.upper().strip()
    s = re.sub(r"(?<=\d)O|O(?=\d)", "0", s)
    t = re.sub(r"(?<!\d)(20)?2\d-2\d(?!\d)", " ", s)
    nums = re.findall(r"\d+", t) or re.findall(r"\d+", s)
    return nums[-1].lstrip("0") if nums else s
```

`SV/25-26/0017`, `SV-17`, `SV/0017/2025-26`, ಸುಮ್ನೆ `17`, ಎಲ್ಲವೂ 17 ಆಗುತ್ತೆ. ಗೆರೆಯೇ ಇಲ್ಲದೆ `SV25260017` ಅಂತ ಬರೆಯುವ ಸಪ್ಲೈಯರ್ ಇದ್ದರೆ ಇದು ಸೋಲುತ್ತೆ. ಅಂಥವರಿಗೆ ಒಂದು ಅಂಕಿಗುಂಪು ಇನ್ನೊಂದರ ಬಾಲದಲ್ಲಿ ಇದೆಯಾ ಅಂತ ನೋಡಬೇಕು.

ಬರೀ 17 ಹೊಂದಿದರೆ ಏನೂ ಸಾಬೀತಾಗೋದಿಲ್ಲ. ಅದೇ ಸಪ್ಲೈಯರ್‌ನ ಲೇಬರ್ ಬಿಲ್ ಸರಣಿಯಲ್ಲೂ ಒಂದು 17 ಇರಬಹುದು. ಅದಕ್ಕೇ ಜೊತೆಗೆ ಮೊತ್ತ ನೋಡಬೇಕು, ಒಂದು ರೂಪಾಯಿ ಆಚೀಚೆ ಬಿಟ್ಟು. ನೋಡುವ ಮೊತ್ತ ಬಿಲ್ಲಿನ ಒಟ್ಟು ಆಗಿರಲಿ. ಟಿಡಿಎಸ್ ಕಳೆದು ಕೊಡಬೇಕಾದ ಮೊತ್ತ ಇಟ್ಟುಕೊಂಡರೆ, ಒಬ್ಬರು ಟಿಡಿಎಸ್ ಹಾಕಿ ಇನ್ನೊಬ್ಬರು ಮರೆತಾಗ ಹೊಂದೋದೇ ಇಲ್ಲ. ಈ ಹಂತದಲ್ಲಿ ಹಣಕಾಸು ವರ್ಷದ ಗೋಡೆಯನ್ನೂ ತೆಗೆಯಿರಿ. ಅದರ ಬದಲು ಎರಡು ತಾರೀಕುಗಳ ನಡುವೆ ಅರವತ್ತು ದಿನದ ಒಳಗೆ ಇದೆಯಾ, ಅಥವಾ ದಿನ ತಿಂಗಳು ಅದಲುಬದಲು ಮಾಡಿದರೆ ಒಂದೇ ಆಗುತ್ತಾ ಅಂತ ನೋಡಿ. ನಿಮ್ಮ ಬಿಲ್ಲು ಎರಡಕ್ಕೂ ಸಿಗುತ್ತಿತ್ತು.

ಜಿಎಸ್‌ಟಿಐಎನ್ ಬದಲು ಇಲ್ಲಿ ಅದರ ಒಳಗಿನ ಪ್ಯಾನ್ ಹೋಲಿಸಿ. ಜಿಎಸ್‌ಟಿಐಎನ್‌ನ 3ರಿಂದ 12ನೇ ಅಕ್ಷರದವರೆಗೆ ಇರೋದು ಪ್ಯಾನೇ. ಹೊಸೂರು ಶಾಖೆಯ ಬಿಲ್ಲನ್ನ ಬೆಂಗಳೂರು ಶಾಖೆಯ ಹೆಸರಲ್ಲಿ ಹಾಕಿದ್ದರೂ ಆಗ ಕಾಣುತ್ತೆ.

ಇವೆರಡಕ್ಕೂ ಸಿಗದ ಒಂದು ಜಾತಿ ಇದೆ: ಪ್ರೊಫಾರ್ಮಾ. ಅಡ್ವಾನ್ಸ್ ಕೇಳೋಕೆ ಕಳಿಸಿದ ಪ್ರೊಫಾರ್ಮಾವನ್ನೇ ಯಾರೋ ಬಿಲ್ ಅಂತ ಹಾಕಿರ್ತಾರೆ, ತಿಂಗಳಾದ ಮೇಲೆ ನಿಜವಾದ ಬಿಲ್ ಬೇರೆ ನಂಬರಲ್ಲಿ ಬರುತ್ತೆ. ಇದನ್ನ ಹಿಡಿಯೋಕೆ ಒಂದೇ ಪಾರ್ಟಿ, ಒಂದೇ ಮೊತ್ತ, ಹತ್ತಿರದ ತಾರೀಕು ಅಂತ ನೋಡಬೇಕು. ಆದರೆ ಬಾಡಿಗೆ, ಸೆಕ್ಯುರಿಟಿ, ಇಂಟರ್ನೆಟ್, ಇವೆಲ್ಲ ಪ್ರತಿ ತಿಂಗಳೂ ಅದೇ ಮೊತ್ತ. ಪ್ರತಿ ಸಲ ಎಚ್ಚರಿಕೆ ಬಂದರೆ ಎರಡನೇ ವಾರಕ್ಕೆಲ್ಲ ಜನ ಓದದೇ ಓಕೆ ಒತ್ತೋಕೆ ಶುರು ಮಾಡ್ತಾರೆ. ಆ ಪಾರ್ಟಿಗಳಿಗೆ ಮಾಸ್ಟರ್‌ನಲ್ಲಿ "ತಿಂಗಳ ಬಿಲ್" ಅಂತ ಗುರುತು ಹಾಕಿ, ಅವರಿಗೆ ಮೊತ್ತದ ಬದಲು ಯಾವ ತಿಂಗಳಿನ ಬಿಲ್ ಅಂತ ಕೇಳಿ ಅದನ್ನ ಹೋಲಿಸಿ. ಉಳಿದವರಿಗೆ ಮಾತ್ರ ಮೊತ್ತದ ಎಚ್ಚರಿಕೆ.

ಇನ್ನು ಅಪ್‌ಲೋಡ್ ವಿಷಯ. ಫೈಲಿನ ಹ್ಯಾಶ್, ಅಂದರೆ ಫೈಲಿನಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಗುರುತು, ಹೋಲಿಸಿದರೆ ಸಾಕು ಅಂತ ನಿಮಗೆ ಯಾರಾದರೂ ಹೇಳಿರಬಹುದು. ಮಾಡಿ, ಖರ್ಚಿಲ್ಲದ ಕೆಲಸ. ಆದರೆ ಅದು ಹಿಡಿಯೋದು ಅದೇ ಫೈಲ್ ಎರಡು ಸಲ ಬಂದಾಗ ಮಾತ್ರ. ವಾಟ್ಸಾಪ್‌ನಲ್ಲಿ ಪಿಡಿಎಫ್ ಡಾಕ್ಯುಮೆಂಟ್ ಆಗಿ ಬಂದರೆ ಫೈಲ್ ಹಾಗೇ ಇರುತ್ತೆ, ಹ್ಯಾಶ್ ಹೊಂದುತ್ತೆ. ಫೋಟೋ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನ ಕುಗ್ಗಿಸುತ್ತೆ, ಹ್ಯಾಶ್ ಬೇರೆ. ಅದೇ ಕಾಗದವನ್ನ ಎರಡು ಸಲ ಸ್ಕ್ಯಾನ್ ಮಾಡಿದರೂ ಬೇರೆ. ಒಂದೇ ಪಿಡಿಎಫ್‌ನಲ್ಲಿ ಮೂರು ಬಿಲ್ ಸೇರಿಸಿ ಕಳಿಸುವವರೂ ಇದ್ದಾರೆ, ಅಲ್ಲಿ ಹ್ಯಾಶ್ ಹೊಂದಿತು ಅಂತ ತಡೆದರೆ ಉಳಿದ ಎರಡು ಬಿಲ್ ಹೊರಗೇ ಉಳೀತವೆ. ಆದ್ದರಿಂದ ಹ್ಯಾಶ್ ಹೊಂದಿದರೆ ಹಳೇ ಎಂಟ್ರಿ ತೋರಿಸಿ ಕೇಳಿ, ತಡೆಯಬೇಡಿ.

ಹ್ಯಾಶ್‌ಗಿಂತ ಎಷ್ಟೋ ಪಾಲು ಒಳ್ಳೇದು ಬಿಲ್ ಮೇಲಿನ ಕ್ಯೂಆರ್ ಕೋಡ್. ವರ್ಷಕ್ಕೆ 5 ಕೋಟಿ ರೂಪಾಯಿಗಿಂತ ಜಾಸ್ತಿ ವಹಿವಾಟು ಇರೋರಿಗೆ, ಬೇರೆ ಕಂಪನಿಗೆ ಮಾಡುವ ಬಿಲ್ಲಿಗೆ ಇ-ಇನ್ವಾಯ್ಸ್ ಕಡ್ಡಾಯ, 2023ರ ಆಗಸ್ಟ್ 1ರಿಂದ. ಕೆಲವು ವಲಯಗಳಿಗೆ ವಿನಾಯಿತಿ ಇದೆ. ಆ ಕ್ಯೂಆರ್ ಒಳಗೆ ಮಾರುವವರ ಮತ್ತು ಕೊಳ್ಳುವವರ ಜಿಎಸ್‌ಟಿಐಎನ್, ಬಿಲ್ ನಂಬರ್, ತಾರೀಕು, ಒಟ್ಟು ಮೊತ್ತ, ಜೊತೆಗೆ ಐಆರ್‌ಎನ್ ಅನ್ನೋ 64 ಅಕ್ಷರದ ಬಿಲ್ ಗುರುತಿನ ನಂಬರ್ ಇರುತ್ತೆ. ಐಆರ್‌ಎನ್ ಹುಟ್ಟೋದೇ ಮಾರುವವರ ಜಿಎಸ್‌ಟಿಐಎನ್, ಹಣಕಾಸು ವರ್ಷ, ದಾಖಲೆಯ ಬಗೆ, ನಂಬರ್ ಸೇರಿ. ನಾನು ಮೇಲೆ ಮೊದಲ ಹಂತ ಅಂದೆನಲ್ಲ, ಅದೇ ನಾಲ್ಕು. ಹಾಗಾಗಿ ಸ್ಟೋರ್ಸ್‌ನಲ್ಲೂ ಅಕೌಂಟ್ಸ್‌ನಲ್ಲೂ ಕ್ಯೂಆರ್ ಸ್ಕ್ಯಾನ್ ಮಾಡಿಸಿದರೆ ಓ-ಸೊನ್ನೆ ಗೊಂದಲ, ತಾರೀಕು ಗೊಂದಲ ಎರಡೂ ಇರೋದಿಲ್ಲ. ಫೋಟೋ ತೀರಾ ಮಸುಕಾಗಿದ್ದರೆ ಮಾತ್ರ ಸ್ಕ್ಯಾನ್ ಆಗೋದಿಲ್ಲ. ನಿಮ್ಮ ಈ ಬಿಲ್ಲಿನಲ್ಲಿ ಕ್ಯೂಆರ್ ಇಲ್ಲ, ಸಣ್ಣ ಪಾರ್ಟಿ ಇರಬೇಕು.

ಕ್ಯೂಆರ್ ಇಲ್ಲದವರ ಪೈಕಿ ನಂಬರೇ ಇಲ್ಲದ ಬಿಲ್‌ಗಳದ್ದು ಬೇರೆ ರಗಳೆ. ಒಬ್ಬರು `NA` ಅಂತ ಹಾಕ್ತಾರೆ, ಇನ್ನೊಬ್ಬರು `1`, ಮತ್ತೊಬ್ಬರು ಬರೀ ಗೆರೆ. ಯಾರು ಹಾಕಿದರೂ ಒಂದೇ ನಂಬರ್ ಹುಟ್ಟುವಂಥ ಪದ್ಧತಿ ಮಾಡಿ. ಬಿಲ್ ತಾರೀಕು, ಆಮೇಲೆ ಮೊತ್ತ: ಜುಲೈ 14ರ 2,350 ರೂಪಾಯಿ ಬಿಲ್ಲಿಗೆ `NB-140725-2350`. ಇಬ್ಬರು ಬೇರೆ ಬೇರೆ ಕೂತು ಹಾಕಿದರೂ ಇದೇ ಬರುತ್ತೆ, ಎರಡನೆಯದು ತಡೆಗೆ ಸಿಗುತ್ತೆ.

ಚೆಕ್ ಯಾವ ಹೊತ್ತಲ್ಲಿ ಓಡಬೇಕು ಅನ್ನೋದೂ ಮುಖ್ಯ. ಪಾರ್ಟಿ ಮತ್ತು ಬಿಲ್ ನಂಬರ್ ಹಾಕಿ ಮುಂದಿನ ಜಾಗಕ್ಕೆ ಹೋದ ಕೂಡಲೇ ಒಂದು ಸಲ. ಇಪ್ಪತ್ತು ಐಟಂ ಟೈಪ್ ಮಾಡಿಸಿ ಸೇವ್ ಒತ್ತಿದಾಗ "ಇದು ಆಗಲೇ ಇದೆ" ಅಂದರೆ ಟೈಪ್ ಮಾಡಿದವರು ಹೇಗಾದರೂ ದಾಟಿಸೋಕೇ ನೋಡ್ತಾರೆ. ಮೊತ್ತ ಗೊತ್ತಾದ ಮೇಲೆ ಸೇವ್‌ನಲ್ಲಿ ಇನ್ನೊಂದು ಸಲ. ಹುಡುಕುವಾಗ ಡ್ರಾಫ್ಟ್‌ಗಳನ್ನೂ, ಅಪ್‌ಲೋಡ್ ಆಗಿ ಇನ್ನೂ ಎಂಟ್ರಿ ಆಗದೆ ಕಾಯ್ತಾ ಇರೋವನ್ನೂ ಸೇರಿಸಿ. ಕ್ಯಾನ್ಸಲ್ ಆದವನ್ನ ಬಿಡಿ. ಮೇಲಿನ ಕೋಡನ್ನ ಕಸ್ಟಮ್ ಆ್ಯಪ್‌ನ `validate` ಹುಕ್‌ನಲ್ಲಿ ಹಾಕಿಸಿ, ಸರ್ವರ್ ಸ್ಕ್ರಿಪ್ಟ್‌ನಲ್ಲಿ `import` ನಡೆಯೋದಿಲ್ಲ. ಇಬ್ಬರು ಒಂದೇ ಕ್ಷಣದಲ್ಲಿ ಸೇವ್ ಒತ್ತಿದರೆ ಇಬ್ಬರಿಗೂ "ಇಲ್ಲ" ಅಂತಲೇ ಉತ್ತರ ಬರಬಹುದು. ಅದಕ್ಕೆ ಮೊದಲ ಹಂತದ ಕೀಯನ್ನ ಒಂದು ಕಸ್ಟಮ್ ಫೀಲ್ಡ್‌ನಲ್ಲಿಟ್ಟು ಯುನಿಕ್ ಮಾಡಬಹುದು. ಹಾಗೆ ಮಾಡಿದರೆ, ಬಿಲ್ ಕ್ಯಾನ್ಸಲ್ ಆದಾಗ ಆ ಫೀಲ್ಡ್ ಖಾಲಿ ಮಾಡೋದು ಮರೀಬೇಡಿ. ಇಲ್ಲಾಂದ್ರೆ ತಿದ್ದಿ ಮತ್ತೆ ಹಾಕೋಕೆ ಹೋದಾಗ ಹಳೇದೇ ಅಡ್ಡ ನಿಲ್ಲುತ್ತೆ.

ಎಚ್ಚರಿಕೆಯಲ್ಲಿ ಏನು ತೋರಿಸ್ತೀರಿ ಅನ್ನೋದರ ಮೇಲೆ ಅರ್ಧ ಕೆಲಸ ನಿಂತಿದೆ. "Duplicate" ಅಂತ ಒಂದೇ ಪದ ಬಂದರೆ ಜನ ನಂಬರ್ ಕೊನೆಗೆ ಒಂದು ಚುಕ್ಕಿ ಹಾಕಿ ಮುಂದೆ ಹೋಗ್ತಾರೆ. `0017.`, `0017-1`, `0017A`, ಇವೆಲ್ಲ ನಿಮ್ಮ ಡೇಟಾದಲ್ಲಿ ಹುಡುಕಿ ನೋಡಿ, ಸಿಗದೇ ಇರೋದಿಲ್ಲ. ಹಳೇ ಎಂಟ್ರಿ ಯಾರು ಮಾಡಿದ್ದು, ಯಾವತ್ತು, ದುಡ್ಡು ಹೋಗಿದೆಯಾ, ಅದರ ಸ್ಕ್ಯಾನ್ ಪ್ರತಿ, ಇಷ್ಟನ್ನ ಪಕ್ಕದಲ್ಲೇ ತೋರಿಸಿ. ಕೆಳಗೆ ಎರಡೇ ಬಟನ್: ಒಂದು "ಇದೇ ಬಿಲ್, ಹೊಸದನ್ನ ಅಳಿಸು", ಇನ್ನೊಂದು "ಬೇರೆ ಬಿಲ್, ಕಾರಣ ಬರೆದು ಇನ್ನೊಬ್ಬರ ಒಪ್ಪಿಗೆಗೆ ಕಳಿಸು". ಒಪ್ಪಿಗೆ ಕೊಡೋರು ಟೈಪ್ ಮಾಡಿದವರೇ ಆಗಬಾರದು. ಚುಕ್ಕಿ ಹಾಕೋ ಎಲ್ಲರೂ ಸೋಮಾರಿಗಳಲ್ಲ. ಒಂದು ಬಿಲ್ಲಿನ ಮಾಲು ಎರಡು ಗಾಡಿಯಲ್ಲಿ ಬಂದು ಎರಡು ರಸೀದಿ ಆಗಿದ್ದರೆ, ಒಂದೇ ಬಿಲ್ಲಿಗೆ ಎರಡೂ ರಸೀದಿ ಸೇರಿಸಬಹುದು ಅನ್ನೋದು ಅವರಿಗೆ ಗೊತ್ತಿರೋದಿಲ್ಲ, ಅಷ್ಟೇ. ಅದನ್ನ ತೋರಿಸಿಕೊಡಿ.

ಹೇಗೂ ತಿಂಗಳ ಕೊನೆಗೆ ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡ್ತೀವಲ್ಲ ಅಂತ ನಿಮ್ಮ ಆಡಿಟರ್ ಹೇಳಬಹುದು. ಅಲ್ಲಿ ಗೊತ್ತಾಗುತ್ತೆ, ನಿಜ. 2ಬಿಯಲ್ಲಿ ಆ ಬಿಲ್ ಒಂದೇ ಸಲ ಇರುತ್ತೆ, ನಿಮ್ಮ ಪುಸ್ತಕದಲ್ಲಿ ಎರಡು ಸಲ. ಆದರೆ ಅದು ಸಿಗೋದು ಮುಂದಿನ ತಿಂಗಳು 14ಕ್ಕೆ. ಅಷ್ಟರಲ್ಲಿ ದುಡ್ಡು ಹೋಗಿರುತ್ತೆ. ಜಿಎಸ್‌ಟಿ ಇಲ್ಲದವರ ಬಿಲ್ ಅಲ್ಲಿ ಬರೋದೇ ಇಲ್ಲ.

ಹೊಸ ಚೆಕ್ ಹಾಕೋ ಮುಂಚೆ ಹಳೇದರಲ್ಲಿ ಇನ್ನೆಷ್ಟಿವೆ ಅಂತ ನೋಡಿಬಿಡಿ. ಇಂಡಿಯಾ ಕಂಪ್ಲಯನ್ಸ್ ಆ್ಯಪ್ ಇದ್ದರೆ ಈ ಕ್ವೆರಿ ಓಡುತ್ತೆ:

```sql
SELECT supplier_gstin, ROUND(grand_total) AS amt,
       COUNT(*) AS n,
       GROUP_CONCAT(bill_no) AS bills,
       GROUP_CONCAT(bill_date) AS dates
FROM `tabPurchase Invoice`
WHERE docstatus = 1 AND is_return = 0
  AND supplier_gstin != ''
GROUP BY supplier_gstin, amt
HAVING n > 1;
```

ತಿಂಗಳ ಬಿಲ್‌ಗಳೆಲ್ಲ ಇದರಲ್ಲಿ ಬರ್ತವೆ, ಅವನ್ನ ಕಣ್ಣಲ್ಲೇ ದಾಟಿಸಿ. ಪ್ಯಾನ್ ಹೋಲಿಕೆ ಇದರಲ್ಲಿಲ್ಲ, ನೋಂದಣಿ ಇಲ್ಲದವರನ್ನ ಬೇರೆ ನೋಡಬೇಕು.

ಈಗ ಕೈಲಿರೋ ಈ ಒಂದು ಬಿಲ್ ವಿಷಯ. ಟೈಪ್ ಮಾಡಿದ ಎಂಟ್ರಿಯಲ್ಲಿ ತಾರೀಕು ಸರಿ ಇದೆ, ನಂಬರ್ ಪೂರ್ತಿ ಇಲ್ಲ. ಅಪ್‌ಲೋಡ್‌ನಲ್ಲಿ ನಂಬರ್ ಸರಿ, ತಾರೀಕು ತಪ್ಪು. ನಾನಾದರೆ ಮಾಲಿನ ರಸೀದಿಗೆ ಜೋಡಿಸಿದ್ದನ್ನ ಉಳಿಸಿ ಇನ್ನೊಂದನ್ನ ಕ್ಯಾನ್ಸಲ್ ಮಾಡ್ತೀನಿ, ಉಳಿದದ್ದರಲ್ಲಿ ತಪ್ಪಿರೋದನ್ನ ತಿದ್ದುತ್ತೀನಿ. ಕ್ಯಾನ್ಸಲ್ ಮಾಡೋ ಎಂಟ್ರಿಯಲ್ಲಿ `Update Stock` ಟಿಕ್ ಇತ್ತಾ ನೋಡಿ. ಇದ್ದಿದ್ದರೆ ಅಷ್ಟು ದಿನ ಸ್ಟಾಕ್ ಕೂಡ ಡಬಲ್ ತೋರಿಸಿರುತ್ತೆ, ಆ ಲೆಕ್ಕ ನಂಬಿ ಮಾಲು ತರಿಸೋದು ನಿಲ್ಲಿಸಿದ್ದೀರಾ ಅಂತ ಸ್ಟೋರ್ಸ್‌ನವರನ್ನ ಕೇಳಿ. ಅಕೌಂಟ್ಸ್ ಸೆಟ್ಟಿಂಗ್ಸ್‌ನಲ್ಲಿ ಬಿಲ್ ಕ್ಯಾನ್ಸಲ್ ಆದಾಗ ಪೇಮೆಂಟ್ ಬಿಡಿಸೋ ಆಯ್ಕೆ ಇದ್ದರೆ, ಎರಡನೇ ಸಲ ಹೋದ ದುಡ್ಡು ಆ ಪಾರ್ಟಿ ಖಾತೆಯಲ್ಲಿ ಅಡ್ವಾನ್ಸ್ ಆಗಿ ನಿಲ್ಲುತ್ತೆ, ಮುಂದಿನ ಬಿಲ್ಲಿಗೆ ಪೇಮೆಂಟ್ ರಿಕನ್ಸಿಲಿಯೇಶನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಮಾಸ್ಟರ್ ಎರಡಿದೆಯಲ್ಲ, ಅವನ್ನ ಮೊದಲು ಒಂದು ಮಾಡಿ, ಇಲ್ಲದಿದ್ದರೆ ಅಡ್ವಾನ್ಸ್ ಒಂದರಲ್ಲಿ, ಬಾಕಿ ಇನ್ನೊಂದರಲ್ಲಿ ಕೂತಿರುತ್ತೆ. ಇನ್‌ಪುಟ್ ಟ್ಯಾಕ್ಸ್ 15,122.34 ಎರಡು ಸಲ ತಗೊಂಡಿದ್ದರೆ ಮುಂದಿನ ಜಿಎಸ್‌ಟಿಆರ್-3ಬಿಯಲ್ಲಿ ಒಂದನ್ನ ವಾಪಸ್ ಮಾಡಬೇಕು. ಆ ಕ್ರೆಡಿಟ್ ಬಳಸಿಯೂ ಆಗಿದ್ದರೆ ವರ್ಷಕ್ಕೆ ಶೇ. 18ರಂತೆ ಬಡ್ಡಿ ಬೀಳುತ್ತೆ. ಲೆಡ್ಜರ್‌ನಲ್ಲಿ ಬ್ಯಾಲೆನ್ಸ್ ಎಷ್ಟು ಉಳಿದಿತ್ತು ಅನ್ನೋದನ್ನ ನೋಡಿ ನಿಮ್ಮ ಆಡಿಟರ್ ಲೆಕ್ಕ ಹಾಕಿ ಕೊಡ್ತಾರೆ.